ಚೇಣಿ ದುಡ್ಡು ಈಗಲೇ ಒಟ್ಟಿಗೆ ತಗೊಳ್ಳೋದಾ, ಕಂತಿನಲ್ಲಾ?

ಪ್ರಶ್ನೆ: ನಮ್ಮ ಅಡಿಕೆ ತೋಟದ ಫಸಲನ್ನು ಮೂರು ವರ್ಷಕ್ಕೆ ಚೇಣಿಗೆ ಕೊಡಬೇಕು ಅಂತಿದ್ದೇವೆ. ಒಬ್ಬರು ಈಗಲೇ ಒಟ್ಟಿಗೆ 6 ಲಕ್ಷ ಕೊಡ್ತಾರಂತೆ. ಇನ್ನೊಬ್ಬರು ಪ್ರತಿ ವರ್ಷದ ಕೊನೆಗೆ 2.4 ಲಕ್ಷ ಕೊಡ್ತಾರೆ, ಮೂರು ವರ್ಷಕ್ಕೆ 7.2 ಲಕ್ಷ. ಅಪ್ಪಯ್ಯ ಕಂತೇ ವಾಸಿ ಅಂತಾರೆ. ಸೊಸೈಟಿಯಲ್ಲಿ ನಮ್ಮದು 7 ಲಕ್ಷ ಸಾಲ ಇದೆ, ಬಡ್ಡಿ ಶೇ 12. ಯಾವುದು ಲಾಭ?
ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮ ಮಟ್ಟಿಗೆ ಈಗಿನ 6 ಲಕ್ಷವೇ ಲಾಭ. ಆದರೆ ನಿಮ್ಮ ಅಪ್ಪಯ್ಯನ ಲೆಕ್ಕ ಪೂರ್ತಿ ತಪ್ಪು ಅಂತ ನಾನು ಹೇಳುವುದಿಲ್ಲ. ಸಾಲ ಇಲ್ಲದ ಮನೆಯಾಗಿದ್ದರೆ ಅವರ ಮಾತೇ ಸರಿ ಆಗುತ್ತಿತ್ತು. ಅದು ಹೇಗೆ ಅಂತ ನೋಡೋಣ.

ಒಂದು ಹಾಳೆ ತಗೊಂಡು ಕೂತುಕೊಳ್ಳಿ. ನಿಮ್ಮ 7 ಲಕ್ಷ ಸಾಲದಲ್ಲಿ 1 ಲಕ್ಷವನ್ನು ಪಕ್ಕಕ್ಕಿಡಿ, ಅದು ಎರಡೂ ದಾರಿಯಲ್ಲಿ ಹಾಗೇ ಉಳಿಯುತ್ತದೆ. ಉಳಿದ 6 ಲಕ್ಷದ ಕಥೆ ಮಾತ್ರ ನೋಡಿ. ಒಟ್ಟಿಗೆ ದುಡ್ಡು ತಗೊಂಡು ಸೊಸೈಟಿಗೆ ಕಟ್ಟಿದರೆ ಆ 6 ಲಕ್ಷ ಅವತ್ತೇ ಚುಕ್ತಾ.

ಕಂತು ಒಪ್ಪಿಕೊಂಡರೆ? ಮೊದಲ ವರ್ಷ ಆ 6 ಲಕ್ಷಕ್ಕೆ 72,000 ಬಡ್ಡಿ ಬೆಳೆಯುತ್ತದೆ. ವರ್ಷದ ಕೊನೆಗೆ ಬಂದ 2.4 ಲಕ್ಷ ಕಟ್ಟಿದ ಮೇಲೆ 4,32,000 ಉಳಿಯುತ್ತದೆ. ಎರಡನೇ ವರ್ಷ ಅದಕ್ಕೆ 51,840 ಬಡ್ಡಿ. ಮತ್ತೆ 2.4 ಲಕ್ಷ ಕಟ್ಟಿದರೆ 2,43,840 ಬಾಕಿ. ಮೂರನೇ ವರ್ಷದ ಬಡ್ಡಿ 29,261. ಕೊನೆಯ ಕಂತನ್ನೂ ಕಟ್ಟಿ ಮುಗಿಸಿದ ಮೇಲೆ ಇನ್ನೂ 33,101 ರೂಪಾಯಿ ಸಾಲ ನಿಮ್ಮ ತಲೆ ಮೇಲೆ ಇರುತ್ತದೆ. ಕಂತಿನವರು 1.2 ಲಕ್ಷ ಜಾಸ್ತಿ ಕೊಟ್ಟಿದ್ದು ನಿಜ. ಅದಕ್ಕಾಗಿ ಕಾದಿದ್ದಕ್ಕೆ ನೀವು ಸೊಸೈಟಿಗೆ ತೆತ್ತ ಬಡ್ಡಿ 1.53 ಲಕ್ಷ.

ಇದನ್ನೇ ಹಣದ ಕಾಲಮೌಲ್ಯ ಅನ್ನುವುದು. ಸಾಮಾನುಗಳ ಬೆಲೆ ಏರುವುದರಿಂದ ಇವತ್ತಿನ ರೂಪಾಯಿಗೆ ಬೆಲೆ ಜಾಸ್ತಿ ಅಂತ ತುಂಬಾ ಜನ ತಿಳಿದಿದ್ದಾರೆ. ಅದೂ ಒಂದು ಕಾರಣ ಹೌದು. ಆದರೆ ಅಂಗಡಿಯಲ್ಲಿ ಒಂದು ಪೈಸೆ ಬೆಲೆ ಏರದಿದ್ದರೂ ನಿಮ್ಮ ಲೆಕ್ಕ ಬದಲಾಗುತ್ತಿರಲಿಲ್ಲ, ಗಮನಿಸಿದಿರಾ? ಕೈಗೆ ಬಂದ ರೂಪಾಯಿ ಅವತ್ತಿನಿಂದಲೇ ದುಡಿಯುತ್ತದೆ. ನಿಮ್ಮ ಮನೆಯಲ್ಲಿ ಅದರ ದುಡಿಮೆ ಅಂದರೆ ಶೇ 12ರ ಬಡ್ಡಿಯನ್ನು ನಿಲ್ಲಿಸುವುದು.

ಈಗ ಅಪ್ಪಯ್ಯನ ಮಾತಿಗೆ ಬರೋಣ. ಸಾಲವೇ ಇಲ್ಲ, ಬಂದ ದುಡ್ಡು ಶೇ 7ರ ಠೇವಣಿಗೆ ಹೋಗುತ್ತದೆ ಅಂದುಕೊಳ್ಳಿ. 6 ಲಕ್ಷ ಇಟ್ಟು, ವರ್ಷದ ಕೊನೆಗೆ 2.4 ಲಕ್ಷದಂತೆ ತೆಗೆಯುತ್ತಾ ಬಂದರೆ ಮೂರನೇ ಸಲ ಠೇವಣಿಯಲ್ಲಿ ಉಳಿದಿರುವುದು 2,03,450 ಮಾತ್ರ. 36,550 ಕಡಿಮೆ ಬಿತ್ತು. ಅಂದರೆ ಅಂಥ ಮನೆಗೆ ಕಂತೇ ವಾಸಿ. ಅದೇ ತೋಟ, ಅದೇ ಇಬ್ಬರು ಚೇಣಿದಾರರು, ಉತ್ತರ ಮಾತ್ರ ತಿರುಗಿಬಿಟ್ಟಿತು. ಈ ಎರಡು ಕರಾರು ಸಮವಾಗುವುದು ಬಡ್ಡಿ ಸುಮಾರು ಶೇ 9.7 ಇದ್ದಾಗ. ನಿಮ್ಮ ದುಡ್ಡು ಅದಕ್ಕಿಂತ ಜಾಸ್ತಿ ದರದಲ್ಲಿ ದುಡಿಯುವುದಾದರೆ ಒಟ್ಟಿಗೆ ತಗೊಳ್ಳಿ, ಕಡಿಮೆ ಆದರೆ ಕಂತು. ತಲೆ ಮೇಲೆ ಸಾಲ ಇಟ್ಟುಕೊಂಡು ಠೇವಣಿ ದರದಲ್ಲಿ ಲೆಕ್ಕ ಹಾಕುವುದೇ ನಾನು ಹೆಚ್ಚಾಗಿ ಕಾಣುವ ತಪ್ಪು. ಮನೆಯಲ್ಲಿ ದೊಡ್ಡ ಸಾಲ ಇದ್ದರೆ ಆ ಸಾಲದ ದರವೇ ನಿಮ್ಮ ದರ.

ಚೌಕಾಸಿಗೆ ಕೂರುವ ಮುಂಚೆ ಇನ್ನೊಂದು ಲೆಕ್ಕ ಕಲಿತಿರಿ, ತುಂಬಾ ಉಪಯೋಗಕ್ಕೆ ಬರುತ್ತದೆ. ಮುಂದೆ ಬರುವ ದುಡ್ಡಿಗೆ ಇವತ್ತಿನ ಬೆಲೆ ಎಷ್ಟು ಅಂತ ನೋಡುವುದು. ನಿಮ್ಮ ದರ ಶೇ 12 ಆದ್ದರಿಂದ, ಒಂದು ವರ್ಷ ತಡವಾಗಿ ಬರುವ ಮೊತ್ತವನ್ನು 1.12ರಿಂದ ಒಂದು ಸಲ ಭಾಗಿಸಿ. ಎರಡು ವರ್ಷ ಆದರೆ ಎರಡು ಸಲ, ಮೂರು ವರ್ಷ ಆದರೆ ಮೂರು ಸಲ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಮೊದಲ ಕಂತಿನ 2.4 ಲಕ್ಷಕ್ಕೆ ಇವತ್ತಿನ ಬೆಲೆ ಸುಮಾರು 2,14,300. ಎರಡನೆಯದಕ್ಕೆ 1,91,300. ಮೂರನೆಯದಕ್ಕೆ 1,70,800. ಮೂರನ್ನೂ ಕೂಡಿದರೆ 5,76,400. 7.2 ಲಕ್ಷ ಅಂತ ಕಿವಿಗೆ ಬಿದ್ದ ಕರಾರು ನಿಮ್ಮ ಕೈಯಲ್ಲಿ 5.76 ಲಕ್ಷಕ್ಕೆ ಸಮ.

ಈಗ ಅದೇ ಕಂತಿನವರನ್ನು ಕೂರಿಸಿಕೊಂಡು ಹೀಗೆ ಕೇಳಿ: "ಮೊತ್ತ ಅಷ್ಟೇ ಇರಲಿ, ಆದರೆ ವರ್ಷದ ಕೊನೆಗೆ ಬೇಡ, ವರ್ಷದ ಶುರುವಿನಲ್ಲೇ ಕೊಡಿ." ಮೊದಲ 2.4 ಲಕ್ಷ ಕರಾರು ಬರೆಯುವ ದಿನವೇ ಕೈಗೆ ಬರುತ್ತದೆ, ಅದಕ್ಕೆ ಭಾಗಾಕಾರವೇ ಇಲ್ಲ. ಉಳಿದೆರಡು 2,14,300 ಮತ್ತು 1,91,300. ಒಟ್ಟು 6,45,600. ಒಂದು ರೂಪಾಯಿ ಜಾಸ್ತಿ ಕೇಳಲಿಲ್ಲ, ತಾರೀಕು ಮಾತ್ರ ಮುಂಚೆ ತಂದಿರಿ. 69,000 ರೂಪಾಯಿಗೂ ಮೇಲೆ ಬೆಲೆ ಏರಿತು, ಒಟ್ಟಿಗೆ 6 ಲಕ್ಷ ಕೊಡುವವರನ್ನೂ ದಾಟಿತು. ಮಲೆನಾಡಿನಲ್ಲಿ ಚೇಣಿ ಮಾತಾಡುವಾಗ ಮೊತ್ತಕ್ಕೆ ಗಂಟೆಗಟ್ಟಲೆ ಎಳೆದಾಡುತ್ತಾರೆ, ತಾರೀಕನ್ನು "ನೋಡಿಕೊಂಡು ಕೊಡೋಣ" ಅಂತ ಬಿಟ್ಟುಬಿಡುತ್ತಾರೆ. ನನಗೆ ಅದು ಬಹಳ ಬೇಜಾರಿನ ವಿಷಯ. ಅವರು ತಾರೀಕು ಒಪ್ಪದಿದ್ದರೆ, ವರ್ಷದ ಕೊನೆಯ ಕಂತನ್ನೇ 2.5 ಲಕ್ಷಕ್ಕೆ ಏರಿಸಿ ಅನ್ನಿ. ಅಲ್ಲಿಗೆ ಈಗಿನ 6 ಲಕ್ಷಕ್ಕೆ ಸರಿಸಮ.

ಸರಿಸಮ ಅಂದೆನಲ್ಲ, ಅದು ಎಲ್ಲಾ ಕಂತೂ ಹೇಳಿದ ದಿನ ಬಂದರೆ ಮಾತ್ರ. ಮಳೆಗಾಲ ಜೋರಾಗಿ ಕೊಳೆ ರೋಗಕ್ಕೆ ಕಾಯಿ ಉದುರಿದರೆ, ಇಲ್ಲವೇ ಅಡಿಕೆ ದರ ಬಿದ್ದರೆ, ಮೂರನೇ ವರ್ಷದ ಹೊತ್ತಿಗೆ ಚೇಣಿದಾರರು "ಸ್ವಲ್ಪ ಕಡಿಮೆ ಮಾಡಿಕೊಳ್ಳಿ" ಅಂತ ಜಗಲಿ ಮೇಲೆ ಬಂದು ಕೂರುತ್ತಾರೆ. ಪಕ್ಕದ ಮನೆಯವರೇ ಆಗಿದ್ದರೆ ಇಲ್ಲ ಅನ್ನುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಆದ್ದರಿಂದ ಎರಡೂ ಸಮ ಅಂತ ಕಂಡಾಗ ನಾನು ಕೈಗೆ ಬಂದ ದುಡ್ಡಿನ ಕಡೆಗೇ ವಾಲುತ್ತೇನೆ. ಕಂತಿಗೇ ಒಪ್ಪಿದರೆ ಫಸಲು ಹೋದರೆ ನಷ್ಟ ಯಾರದ್ದು, ಯಾವ ತಾರೀಕಿಗೆ ಎಷ್ಟು, ತಡವಾದರೆ ಬಡ್ಡಿ ಎಷ್ಟು ಅನ್ನುವುದನ್ನು ಕರಾರು ಪತ್ರದಲ್ಲಿ ಬರೆಸಿ. ತಡವಾದರೆ ಶೇ 12 ಅಂತಲೇ ಹಾಕಿಸಿ, ನಿಮಗೆ ಬೀಳುವ ಖರ್ಚು ಅಷ್ಟೇ ಅಲ್ವಾ.

ಸಹಿ ಹಾಕುವ ಮುಂಚೆ ಸೊಸೈಟಿಗೆ ಒಂದು ಸಲ ಹೋಗಿ ಬನ್ನಿ. ಅವಧಿಗೆ ಮುಂಚೆ 6 ಲಕ್ಷ ಕಟ್ಟಿದರೆ ಅವತ್ತಿನಿಂದಲೇ ಬಡ್ಡಿ ಇಳಿಯುತ್ತದಾ, ಮುಂಚೆ ಕಟ್ಟಿದ್ದಕ್ಕೆ ಏನಾದರೂ ಶುಲ್ಕ ಇದೆಯಾ ಅಂತ ಕೇಳಿ. ಒಟ್ಟಿಗೆ ತಗೊಳ್ಳುವುದರಿಂದ ನಿಮಗೆ ಸಿಗುವ ಲಾಭ ಇವತ್ತಿನ ಬೆಲೆಯಲ್ಲಿ ಸುಮಾರು 23,600. ಶುಲ್ಕ ಅದರ ಹತ್ತಿರ ಬಂದರೆ ಲೆಕ್ಕ ಮತ್ತೆ ಹಾಕಬೇಕು. ದುಡ್ಡು ಬಂದ ವಾರವೇ ಸಾಲಕ್ಕೆ ಕಟ್ಟುವುದಾದರೆ ಮಾತ್ರ ಈ 23,600. ಉಳಿತಾಯ ಖಾತೆಯಲ್ಲಿ ಸುಮ್ನೆ ಬಿಟ್ಟು, ಅದರಲ್ಲಿ ಅಷ್ಟು ಮನೆ ರಿಪೇರಿಗೆ, ಇಷ್ಟು ಬೈಕಿಗೆ ಅಂತ ಕರಗಿಸುವುದಾದರೆ ಅಪ್ಪಯ್ಯ ಹೇಳಿದ ಹಾಗೆ ಕಂತಿನಲ್ಲೇ ತಗೊಳ್ಳಿ.