ಮಳೆ ಕಾಡಿನ ಎಂಟು ಫೋಟೊಗೆ ಏನು ಬರೆಯೋದು?

"ಗೆಳೆಯರ ಜೊತೆ ವೀಕೆಂಡಿಗೆ ಬೆಟ್ಟದ ಕಾಡಿಗೆ ಹೋಗಿದ್ದೆ, ಎರಡು ದಿನವೂ ಮಳೆ. ಇನ್‌ಸ್ಟಾಗ್ರಾಮ್‌ನಲ್ಲಿ ಎಂಟು ಫೋಟೊ ಒಟ್ಟಿಗೆ ಹಾಕಬೇಕು. ಒಂದೊಂದಕ್ಕೂ ಏನು ಕ್ಯಾಪ್ಷನ್ ಬರೆಯಲಿ?"

ಇನ್‌ಸ್ಟಾಗ್ರಾಮ್‌ನಲ್ಲಿ ಎಷ್ಟು ಫೋಟೊ ಒಟ್ಟಿಗೆ ಹಾಕಿದರೂ ಕ್ಯಾಪ್ಷನ್ ಜಾಗ ಒಂದೇ. ಅದರಲ್ಲೂ ಮೊದಲ ಒಂದೆರಡು ಸಾಲು ಮಾತ್ರ ಕಾಣಿಸುತ್ತದೆ, ಉಳಿದದ್ದು ಒತ್ತಿದರೆ ತೆರೆದುಕೊಳ್ಳುತ್ತದೆ. ಕೆಳಗೆ ಒಂದು, ಎರಡು ಅಂತ ನಂಬರ್ ಹಾಕಿ ಎಂಟು ಸಾಲು ಬರೆದರೆ, ಓದುವವರು ಫೋಟೊಗೂ ಸಾಲಿಗೂ ಓಡಾಡಬೇಕು. ಯಾರೂ ಓಡಾಡುವುದಿಲ್ಲ. ಹಾಗಾಗಿ ನಾನು ಕೆಳಗೆ ಒಂದೇ ಸಾಲು ಬರೆದು, ಉಳಿದ ಮಾತನ್ನು ಫೋಟೊಗಳ ಮೇಲೇ ಚಿಕ್ಕ ಅಕ್ಷರದಲ್ಲಿ ಹಾಕುತ್ತೇನೆ.

ನಾವು ನಾಲ್ವರು ಹೀಗೇ ಒಮ್ಮೆ ಹೋಗಿ ಬಂದಾಗ ನಾನು ಮೊದಲು ಬರೆದ ಎಂಟು ಸಾಲಿನಲ್ಲಿ ಐದು ಕಡೆ 'ಮಂಜು' ಇತ್ತು. ಗೆಳೆಯನಿಗೆ ತೋರಿಸಿದೆ. "ಮಂಜು ಕಾಣಿಸ್ತಾ ಇದೆಯಲ್ಲೋ, ಅದನ್ನೇ ಯಾಕೆ ಬರೀತೀಯ?" ಅಂದ. ನಿಜ ಅಲ್ವಾ? ಮಳೆಯ ಫೋಟೊಗಳೆಲ್ಲ ಹಸಿರು, ಬೂದು, ಒಂದೇ ತರಹ. ಫೋಟೊಗೆ ಸಿಗದೇ ಹೋದದ್ದನ್ನು ಬರೆದಾಗಲೇ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಬರುವುದು. ಅದು ಕ್ಲಿಕ್ ಮಾಡುವ ಮುಂಚೆ ಆದದ್ದಿರಬಹುದು, ಆಮೇಲೆ ಆದದ್ದಿರಬಹುದು.

ಎಲ್ಲ ಅಳಿಸಿ ಮತ್ತೆ ಬರೆದೆ. ಮೊದಲ ಫೋಟೊ ಕಾರಿನ ಒಳಗಿಂದ ತೆಗೆದದ್ದು, ವೈಪರ್ ಓಡುತ್ತಿದೆ, ಮುಂದೆ ರಸ್ತೆ ಕಾಣುತ್ತಿಲ್ಲ. ಅದರ ಮೇಲೆ ಏನೂ ಬರೆಯಲಿಲ್ಲ. ಕೆಳಗಿನ ಕ್ಯಾಪ್ಷನ್ನೇ ಅದಕ್ಕೆ ಸಾಕಾಯಿತು: "ದಾರಿ ನಂಗೊತ್ತು ಅಂದವನು ಪಕ್ಕದ ಸೀಟಲ್ಲಿ ನಿದ್ದೆ ಹೊಡೀತಿದ್ದಾನೆ."

ಎರಡನೇ ಫೋಟೊ ಆರಿಸುವಾಗ ಸ್ವಲ್ಪ ಯೋಚಿಸಿ. ಮೊದಲನೆಯದನ್ನು ನೋಡಿ ಸರಿಸದೆ ಹೋದವರಿಗೆ ಅದೇ ಪೋಸ್ಟ್ ಕೆಲವೊಮ್ಮೆ ಎರಡನೇ ಫೋಟೊದಿಂದ ಮತ್ತೆ ಕಾಣಿಸುತ್ತದೆ. ಅಂದರೆ ಅದು ಮೊದಲನೆಯದರ ಹಂಗಿಲ್ಲದೆ ನಿಲ್ಲಬೇಕು. ನಾನು ಹಾಕಿದ್ದು ಬೇಲಿ, ಅದರಾಚೆ ಬರೀ ಬಿಳಿ. ಸಾಲು: "ವ್ಯೂ ಪಾಯಿಂಟ್. ವ್ಯೂ ಇನ್ನೂ ಬಂದಿರಲಿಲ್ಲ."

ಇಲ್ಲೇ ನಾನು ಎಡವಿದ್ದು. ಬಿಳಿ ಮಂಜಿನ ಮೇಲೆ ಬಿಳಿ ಅಕ್ಷರ. ಕೋಣೆಯಲ್ಲಿ ಕೂತು ಬರೆಯುವಾಗ ಚೆನ್ನಾಗಿಯೇ ಕಾಣುತ್ತಿತ್ತು, ಬಿಸಿಲಿಗೆ ಹೋಗಿ ನೋಡಿದರೆ ಏನೂ ಇಲ್ಲ. ಆಮೇಲೆ ಅಕ್ಷರವನ್ನು ಬೇಲಿಯ ಕಪ್ಪು ಕಂಬದ ಮೇಲೆ ಕೂರಿಸಿದೆ. ಮರದ ಕಾಂಡ, ಒದ್ದೆ ಕಲ್ಲು, ರೇನ್‌ಕೋಟು, ಹೀಗೆ ಗಾಢ ಬಣ್ಣದ ಜಾಗ ಹುಡುಕಿ. ಹಾಕುವ ಮುಂಚೆ ಫೋನಿನ ಬೆಳಕು ಕಡಿಮೆ ಮಾಡಿ ಒಮ್ಮೆ ಓದಿ ನೋಡಿ. ಮೊದಲ ಫೋಟೊ ಮೇಲೆ ಬರೆಯಲೇಬೇಕು ಅನ್ನಿಸಿದರೆ ಅಂಚಿಗೆ ಒತ್ತಬೇಡಿ, ಪ್ರೊಫೈಲ್ ಪುಟದಲ್ಲಿ ಅಂಚು ಕತ್ತರಿಸಿಹೋಗಬಹುದು.

ಮೂರನೆಯದು ಬೇರಿನ ಮೇಲಿನ ಪಾಚಿ. ಅದಕ್ಕೆ ಮಾತೇ ಬೇಡ, ಸುಮ್ನೆ ಬಿಟ್ಟೆ. ಎಲ್ಲದರ ಮೇಲೂ ಬರೆದರೆ ನೋಡುವವರಿಗೆ ಉಸಿರು ಬಿಡಲು ಜಾಗ ಇರುವುದಿಲ್ಲ. ನಾಲ್ಕನೆಯದರಲ್ಲಿ ನಾವೆಲ್ಲ ತೊಯ್ದು ನಿಂತಿದ್ದೇವೆ, ಒಬ್ಬನ ಕೈಯಲ್ಲಿ ತಿರುಚಿಕೊಂಡ ಕೊಡೆ: "ಕೊಡೆ ತಂದಿದ್ದು ಇವನೊಬ್ಬನೇ. ಈಗ ಇವನೂ ನಮ್ಮ ಪಾರ್ಟಿ." ಐದನೆಯದು ಒಬ್ಬನ ಕಾಲು, ಅದಕ್ಕೆ ಅಂಟಿದ ಜಿಗಣೆ: "ಹೋಗುವಾಗ ನಾಲ್ವರು. ಬರುವಾಗ ಎಷ್ಟು ಅನ್ನೋದು ಸಾಕ್ಸ್ ಬಿಚ್ಚಿದ ಮೇಲೆ ಗೊತ್ತಾಯಿತು."

ನನಗೆ ಎಲ್ಲಕ್ಕಿಂತ ಇಷ್ಟವಾದ ಸಾಲು ಆರನೆಯದು. ಫೋಟೊದಲ್ಲಿ ಕೆಂಪು ನೀರು ತುಂಬಿದ ತೊರೆ, ಅಷ್ಟೇ. ನೋಡಿದವರು 'ತೊರೆ' ಅಂದುಕೊಂಡು ಸರಿಸಿಬಿಡುತ್ತಾರೆ. ಅದರ ಮೇಲೆ ಬರೆದೆ: "ಬೆಳಗ್ಗೆ ಇದನ್ನು ಒಂದೇ ಹೆಜ್ಜೆಗೆ ದಾಟಿದ್ದೆವು." ಇದನ್ನು ಓದಿ ಎಷ್ಟೋ ಜನ ಫೋಟೊವನ್ನು ಮತ್ತೊಮ್ಮೆ ನೋಡಿದರಂತೆ.

ಏಳನೆಯದು ಬಾಗಿಲ ಬಳಿ ಸಾಲಾಗಿಟ್ಟ ಶೂಗಳು: "ಇವು ಒಣಗಿದ್ದು ಬುಧವಾರ." ಕೊನೆಯದು ಕತ್ತಲೆ, ಮೋಂಬತ್ತಿ, ಮೂರು ಮುಖ: "ಕರೆಂಟ್ ಹೋದ ಮೇಲೆ ಯಾರೂ ಫೋನ್ ಮುಟ್ಟಲಿಲ್ಲ. ಈ ಫೋಟೊ ತೆಗೆದವನನ್ನು ಬಿಟ್ಟು."

ನಿಮ್ಮ ಸಾಲುಗಳನ್ನು ಬರೆದ ಮೇಲೆ ಹೀಗೆ ಮಾಡಿ: ಏಳನೆಯದರ ಸಾಲನ್ನು ಎರಡನೆಯದರ ಮೇಲಿಟ್ಟು ನೋಡಿ. ಅಲ್ಲೂ ಹೊಂದಿಕೊಂಡರೆ ಆ ಸಾಲು ತೆಗೆದುಬಿಡಿ. 'ಪ್ರಕೃತಿಯ ಮಡಿಲಲ್ಲಿ' ಅನ್ನೋದು ಎಂಟಕ್ಕೂ ಹೊಂದುತ್ತದೆ, ಅದೇ ಅದರ ತೊಂದರೆ. ಈಗ 20 ಫೋಟೊವರೆಗೂ ಹಾಕಬಹುದು ನಿಜ, ಆದರೆ ಹೇಳಲು ಏನೂ ಇಲ್ಲದ ಮಂಜಿನ ಫೋಟೊ ಎರಡಕ್ಕಿಂತ ಜಾಸ್ತಿ ಬೇಡ.

ಹಾಂ, ಹಾಕುವ ಮುಂಚೆ ಗುಂಪಿಗೆ ಕಳಿಸಿ ಒಪ್ಪಿಗೆ ಕೇಳಿ. ನಮ್ಮ ದಾರಿ ಗೊತ್ತಿದ್ದವನು ಮಾತ್ರ ತಕರಾರು ತೆಗೆದ: "ನಿದ್ದೆ ಅಲ್ಲ ಕಣೋ, ಕಣ್ಣು ಮುಚ್ಚಿ ದಾರಿ ನೆನಪು ಮಾಡ್ಕೊಳ್ತಿದ್ದೆ." ಸಾಲು ಬದಲಿಸಲಿಲ್ಲ. ಆ ಮಾತನ್ನೇ ಅವನಿಂದ ಮೊದಲ ಕಾಮೆಂಟಾಗಿ ಹಾಕಿಸಿದೆ.