ಹಸಿರು ಗುರುತು ಇದ್ದರೂ ಅರಗು ಹುಳದ್ದೇ

ಪ್ರಶ್ನೆ: ಹಣ್ಣು, ಚಾಕಲೇಟ್ ಮೇಲೆ ಹೊಳಪಿಗೆ ಶೆಲ್ಲಾಕ್ ಅಂತ ಏನೋ ಹಾಕ್ತಾರಂತೆ, ಹೌದಾ? ಅದು ವೆಜ್ಜಾ? ಕೂರ್ಗಿನಿಂದ ತಂದ ಚಾಕಲೇಟ್ ಪ್ಯಾಕೆಟ್ ಮೇಲೆ ಹಸಿರು ಗುರುತು ಇದೆ, ಅಂದ್ರೆ ತಿನ್ನಬಹುದಲ್ವಾ?

ಹಾಕುತ್ತಾರೆ. ನಾನೇ ಹಾಕುತ್ತಿದ್ದೆ. ಮಡಿಕೇರಿ ಹತ್ತಿರ ನಮ್ಮದು ಚಿಕ್ಕ ಹೋಂ ಮೇಡ್ ಚಾಕಲೇಟ್ ಕೆಲಸ. ನಾನು, ನನ್ನ ನಾದಿನಿ, ಇಬ್ಬರು ಹುಡುಗಿಯರು. ಹುರಿದ ಕಾಫಿ ಬೀಜಕ್ಕೆ ಚಾಕಲೇಟ್ ಹೊದಿಸಿದ್ದೇ ನಮ್ಮಲ್ಲಿ ಜಾಸ್ತಿ ಹೋಗುವ ಮಾಲು. ಅದು ಮಣಿಯ ಹಾಗೆ ಫಳಫಳ ಹೊಳೆಯುತ್ತಿತ್ತು. ಪ್ಯಾಕೆಟ್ ಮೇಲೆ ಹಸಿರು ಗುರುತೂ ಇತ್ತು. ಆ ಗುರುತನ್ನು ನಂಬಿ ನಾನು ಒಬ್ಬರಿಗೆ ಮಾತು ಕೊಟ್ಟೆ. ಅದಕ್ಕೇ ನಿಮ್ಮ ಕೊನೆಯ ಸಾಲು ಓದಿ ಸುಮ್ಮನಿರಲು ಆಗಲಿಲ್ಲ.

ಆ ಹೊಳಪು ಹೇಗೆ ಬರುತ್ತದೆ ಅಂತ ಮೊದಲು ಹೇಳುತ್ತೇನೆ. ಓರೆಯಾಗಿ ನಿಂತು ತಿರುಗುವ ಒಂದು ದೊಡ್ಡ ಸ್ಟೀಲ್ ಪಾತ್ರೆ ಇರುತ್ತದೆ. ಅದರಲ್ಲಿ ಕಾಫಿ ಬೀಜ ಹಾಕಿ, ಕರಗಿದ ಚಾಕಲೇಟನ್ನು ಸ್ವಲ್ಪ ಸ್ವಲ್ಪವೇ ಸುರಿಯಬೇಕು. ತಣ್ಣನೆ ಗಾಳಿ ಬಿಟ್ಟು ಒಂದು ಪದರ ಗಟ್ಟಿಯಾದ ಮೇಲೆ ಇನ್ನೊಂದು ಪದರ. ಬೀಜಗಳು ಒಂದಕ್ಕೊಂದು ಉಜ್ಜಿಕೊಂಡು ನುಣ್ಣಗಾಗುತ್ತವೆ. ರಾತ್ರಿಯಿಡೀ ಹಾಗೇ ಬಿಟ್ಟು, ಮರುದಿನ ಗೋಂದಿನ ನೀರು ಹಾಕಿ ತಿರುಗಿಸಿದರೆ ಹೊಳಪು ಏಳುತ್ತದೆ. ಆದರೆ ಗೋಂದು ನೀರಿಗೆ ಕರಗುವ ವಸ್ತು. ಬೇಸಿಗೆಯಲ್ಲಿ ಪರವಾಗಿಲ್ಲ. ಜೂನ್ ಬಂತೆಂದರೆ ನಮ್ಮಲ್ಲಿ ಕೋಣೆಯೊಳಗಿನ ಗಾಳಿಯೇ ಒದ್ದೆ. ಡಬ್ಬ ತೆರೆದು ಅರ್ಧ ಗಂಟೆ ಇಟ್ಟರೆ ಬೀಜ ಬೆರಳಿಗೆ ಅಂಟುತ್ತದೆ, ಹೊಳಪು ಮಂಕಾಗುತ್ತದೆ. ಅದಕ್ಕೆ ಗೋಂದಿನ ಮೇಲೆ ಕೊನೆಯದಾಗಿ ಶೆಲ್ಲಾಕ್ ಪದರ. ಆಲ್ಕೋಹಾಲಿನಲ್ಲಿ ಕರಗಿಸಿದ ಶೆಲ್ಲಾಕ್ ದ್ರಾವಣ ಕ್ಯಾನಿನಲ್ಲಿ ಬರುತ್ತದೆ. ನಾನು ಹತ್ತು ಕೆಜಿ ಬೀಜಕ್ಕೆ ಸುಮಾರು 30 ಗ್ರಾಂ ಹಾಕುತ್ತಿದ್ದೆ. ಆಲ್ಕೋಹಾಲ್ ಆರಿ ಹೋಗುತ್ತದೆ, ಕೂದಲಿಗಿಂತ ತೆಳ್ಳನೆಯ ಪೊರೆ ಉಳಿಯುತ್ತದೆ. ಅದು ನೀರಿಗೆ ಕರಗುವುದಿಲ್ಲ. ಮಳೆಗಾಲದಲ್ಲೂ ಬೀಜ ಕೈಗೆ ಅಂಟುವುದಿಲ್ಲ.

ಶೆಲ್ಲಾಕ್ ಅಂದರೆ ಏನೋ ಹೊಸ ಕೆಮಿಕಲ್ ಅಂದುಕೊಳ್ಳಬೇಡಿ. ಅದು ನಮ್ಮ ಅರಗು. ಪಾಂಡವರನ್ನು ಸುಡಲು ಕಟ್ಟಿಸಿದ ಅರಗಿನ ಮನೆಯ ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅರಗು. ಮುತ್ತುಗ, ಬೋರೆಯಂಥ ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಚಿಕ್ಕ ಹುಳ ಕೂತು ರಸ ಹೀರುತ್ತದೆ, ಮೈಯಿಂದ ಅಂಟು ಸ್ರವಿಸುತ್ತದೆ. ಹೆಣ್ಣು ಹುಳ ಒಮ್ಮೆ ಕೂತ ಜಾಗದಿಂದ ಮತ್ತೆ ಕದಲುವುದಿಲ್ಲ. ತನ್ನ ಅಂಟಿನೊಳಗೇ ಬೆಳೆದು, ಮರಿ ಬಿಟ್ಟು, ಅಲ್ಲೇ ಸಾಯುತ್ತದೆ. ಸಾವಿರಾರು ಹುಳ ಒತ್ತೊತ್ತಾಗಿ ಕೂತಾಗ ಕೊಂಬೆಯ ಸುತ್ತ ಅಂಟು ದಪ್ಪ ತೊಗಟೆಯ ಹಾಗೆ ಕಟ್ಟಿಕೊಳ್ಳುತ್ತದೆ. ಜಾರ್ಖಂಡ್, ಛತ್ತೀಸಗಢದ ಕಡೆ ಇದೇ ಒಂದು ಬೇಸಾಯ. ರಾಂಚಿ ಪಕ್ಕದ ನಾಮ್ಕುಮ್‌ನಲ್ಲಿ ಅರಗಿಗೆಂದೇ ಸಂಶೋಧನಾ ಸಂಸ್ಥೆ ಶುರುವಾದದ್ದು 1924ರಲ್ಲಿ.

ಕೊಂಬೆ ಕಡಿದು, ಅಂಟು ಕೆರೆದು, ಪುಡಿ ಮಾಡಿ ನೀರಲ್ಲಿ ತೊಳೆಯುತ್ತಾರೆ. ಆಗ ಕೆಂಪು ಬಣ್ಣವೂ ಹುಳದ ಚೂರುಗಳೂ ಹೋಗುತ್ತವೆ. ಆಮೇಲೆ ಕಾಯಿಸಿ ಸೋಸುತ್ತಾರೆ. ತಿಂಡಿಗೆ ಹಾಕುವ ಅರಗನ್ನು ಇನ್ನೂ ಬಿಳಿ ಮಾಡಿ, ಅದರಲ್ಲಿರುವ ಮೇಣವನ್ನೂ ತೆಗೆದಿರುತ್ತಾರೆ. ಹಾಗಾಗಿ ನಿಮ್ಮ ಬಾಯಿಗೆ ಹುಳ ಬರುವುದಿಲ್ಲ, ಹುಳ ಬಿಟ್ಟ ಅಂಟು ಬರುತ್ತದೆ. ಆದರೆ ಕೆರೆಯುವಾಗ ಕೊಂಬೆಯಲ್ಲಿ ಹುಳ ಇದ್ದೇ ಇರುತ್ತದೆ. ಮರಿಗಳು ಹೊರಗೆ ಬರುವ ಮೊದಲೇ ಬಲಿಯದ ಅರಗನ್ನು ಕತ್ತರಿಸುವವರೂ ಇದ್ದಾರೆ. ಆಗ ತಾಯಿ, ಮರಿ ಎರಡೂ ಸಾಯುತ್ತವೆ.

ಇದೆಲ್ಲ ಗೊತ್ತಾದದ್ದು ಪೆಟ್ಟು ತಿಂದ ಮೇಲೆ.

ಒಂದು ನವೆಂಬರಿನಲ್ಲಿ ಮೈಸೂರಿನಿಂದ ಒಬ್ಬ ಜೈನ ಅಮ್ಮನ ಫೋನ್ ಬಂತು. ಮಗನ ಮದುವೆ. ಬಂದವರಿಗೆ ಕೊಡಲು 100 ಗ್ರಾಮಿನ 600 ಡಬ್ಬ ಬೇಕು, ಅಂದರೆ 60 ಕೆಜಿ ಮಾಲು. ನಮಗೆ ಅದುವರೆಗೆ ಬಂದ ಅತಿ ದೊಡ್ಡ ಆರ್ಡರ್. ಅವರು ಮೆಲ್ಲಗೆ ಕೇಳಿದರು: "ಅಮ್ಮಾ, ಮೊಟ್ಟೆ ಇಲ್ಲವಲ್ಲ? ಜೆಲಾಟಿನ್ ಇಲ್ಲವಲ್ಲ? ಜೇನು ಹಾಕಿಲ್ಲವಲ್ಲ? ನಮ್ಮ ಅತ್ತೆ ಜೇನೂ ಮುಟ್ಟಲ್ಲ."

ನಾನು ಮೂರಕ್ಕೂ ಇಲ್ಲ ಅಂದೆ. ಮೂರೂ ನಿಜ. "ಪೂರ್ತಿ ವೆಜ್, ಹಸಿರು ಗುರುತಿದೆ, ಧೈರ್ಯವಾಗಿ ಕೊಡಿ" ಅಂತಲೂ ಸೇರಿಸಿದೆ.

ನನ್ನ ತಪ್ಪು ಇದ್ದದ್ದು ಅಲ್ಲಿ. ಅದನ್ನು ಬಿಡಿಸಿ ಹೇಳಬೇಕು. ನಮ್ಮದು ಪಂದಿ ಕರಿ ಮಾಡುವ ಮನೆ. ಯಾವುದನ್ನು ತಿನ್ನಬಾರದು ಅಂತ ಲೆಕ್ಕ ಹಾಕಿ ಊಟಕ್ಕೆ ಕೂತು ನನಗೆ ಅಭ್ಯಾಸವಿಲ್ಲ. ಅವರ ಮೂರು ಪ್ರಶ್ನೆ ನನ್ನ ಕಿವಿಗೆ ಸಾಮಾನು ಚೀಟಿಯ ಹಾಗೆ ಕೇಳಿಸಿತು. ಒಂದೊಂದಕ್ಕೇ ಗೆರೆ ಹೊಡೆದೆ. ಮೊಟ್ಟೆಯೂ ಜೆಲಾಟಿನೂ ಬೇಡ ಅನ್ನುವುದು ಯಾರಿಗಾದರೂ ಅರ್ಥವಾಗುತ್ತದೆ. ಜೇನು ಯಾಕೆ ಬೇಡ? ಅಲ್ಲಿ ನಿಂತು ಒಂದು ಸಲ ಯೋಚಿಸಿದ್ದರೆ ಸಾಕಿತ್ತು. ಜೇನು ಬೇಡ ಅನ್ನುವವರಿಗೆ ಹುಳಕ್ಕೆ ನೋವಾಗುವ ಯಾವುದೂ ಬೇಡ. ಅವರು ಜೇನಿನ ಹೆಸರು ಹೇಳಿ ಎಲ್ಲ ಹುಳದ ಲೆಕ್ಕವನ್ನೂ ಹೇಳಿದ್ದರು. ಅವರಿಗೆ ಅರಗು ಗೊತ್ತಿರಲಿಲ್ಲ, ಅದಕ್ಕೆ ಅರಗು ಅನ್ನಲಿಲ್ಲ. ಗೊತ್ತಿರಬೇಕಾದದ್ದು ನನಗೆ.

ಕ್ಯಾನ್ ತರಿಸುವಾಗ ಸಪ್ಲೈಯರ್ ಹತ್ತಿರವೂ ನಾನು ಕೇಳಿದ್ದು "ಇದು ವೆಜ್ಜಾ?" ಅಂತ ಮಾತ್ರ. ಅವರು ಹೌದು ಅಂದರು. ಸುಳ್ಳು ಹೇಳಲಿಲ್ಲ. ನಮ್ಮ ದೇಶದ ಲೇಬಲ್ ಕಾನೂನಿನಲ್ಲಿ ಪ್ರಾಣಿಯಿಂದ ಬಂದದ್ದೆಲ್ಲ ನಾನ್‌ವೆಜ್ ಅಂತ ಹೇಳಿ, ಹಾಲು, ಹಾಲಿನ ಪದಾರ್ಥ, ಜೇನು, ಜೇನುಮೇಣ, ಅರಗು ಇವನ್ನು ಹೆಸರು ಹಿಡಿದು ಹೊರಗಿಟ್ಟಿದ್ದಾರೆ. ಹಾಗಾಗಿ ಅರಗು ಹಾಕಿದ ಚಾಕಲೇಟಿಗೆ ಹಸಿರು ಗುರುತು ಹಾಕುವುದು ಪೂರ್ತಿ ಕಾನೂನುಬದ್ಧ. "ಇದು ಯಾವುದರಿಂದ ಮಾಡಿದ್ದು?" ಅಂತ ಕೇಳಿದ್ದರೆ ಅವರು ಹುಳ ಅಂತಲೇ ಹೇಳುತ್ತಿದ್ದರೋ ಏನೋ. ನಾನು ಕೇಳಲಿಲ್ಲ.

ಇನ್ನೂ ಸಂಕಟದ ವಿಷಯ ಅಂದರೆ, ನಮ್ಮದೇ ಲೇಬಲ್ಲಿನ ಹಿಂದೆ ಚಿಕ್ಕ ಅಕ್ಷರದಲ್ಲಿ "ಗ್ಲೇಜಿಂಗ್ ಏಜೆಂಟ್ ಐಎನ್‌ಎಸ್ 904" ಅಂತ ನಾನೇ ಪ್ರಿಂಟ್ ಹಾಕಿಸಿದ್ದೆ. ಹಾಕಬೇಕು ಅಂದರು, ಹಾಕಿಸಿದೆ. ಆ ಸಂಖ್ಯೆ ಏನು ಅಂತ ನೋಡಲಿಲ್ಲ. ಮದುವೆಯ ಹಿಂದಿನ ದಿನ ಅವರ ಮನೆಯ ಒಬ್ಬ ಹುಡುಗ ಡಬ್ಬ ತಿರುಗಿಸಿ, ಫೋನಿನಲ್ಲಿ ಆ ಸಂಖ್ಯೆ ಹುಡುಕಿದ. ಅಷ್ಟರಲ್ಲಿ ಅತ್ತೆಯವರು ನಾಲ್ಕು ಬೀಜ ತಿಂದಾಗಿತ್ತು.

ಆ ಅಮ್ಮ ಫೋನ್ ಮಾಡಿ ಬೈಯಲಿಲ್ಲ. "ನಾನು ಕೇಳಿದ್ದೆ ಅಲ್ವಾಮ್ಮಾ" ಅಂದರು, ಅಷ್ಟೇ. ಅತ್ತೆ ಮರುದಿನ ಉಪವಾಸ ಇದ್ದರಂತೆ, ಮೊಮ್ಮಗನ ಮದುವೆಯ ದಿನ. 600 ಡಬ್ಬವೂ ವಾಪಸ್ ಬಂತು. ಪೂರ್ತಿ ದುಡ್ಡು ಹಿಂದೆ ಕೊಟ್ಟೆವು. ಡಬ್ಬದ ಮೇಲೆ ವಧೂವರರ ಹೆಸರು ಅಚ್ಚಾಗಿತ್ತು, ಬೇರೆಯವರಿಗೆ ಮಾರುವ ಹಾಗೂ ಇರಲಿಲ್ಲ. ದುಡ್ಡು ಎರಡು ಸೀಸನ್‌ನಲ್ಲಿ ಸರಿಹೋಯಿತು. ಆ ಉಪವಾಸದ ಮಾತು ಇವತ್ತಿಗೂ ಚುಚ್ಚುತ್ತದೆ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. "ಅದು ವೆಜ್ಜಾ" ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅನ್ನುತ್ತೇನೆ. ಕಾನೂನು ಅದಕ್ಕೆ ಆಗಲೇ ಹೌದು ಅಂದಿದೆ, ಆ ಹೌದು ನಿಮ್ಮ ಮನೆಯ ಪದ್ಧತಿಗೆ ಹೊಂದಬೇಕು ಅಂತೇನಿಲ್ಲ. ನಿಮ್ಮನ್ನೇ ಕೇಳಿಕೊಳ್ಳಿ: ನೀವು ಜೇನು ತಿನ್ನುತ್ತೀರಾ? ಯಾವ ಅಳುಕೂ ಇಲ್ಲದೆ ತಿನ್ನುವವರಾದರೆ ಅರಗಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಜೇನು ಬಿಟ್ಟವರಾದರೆ ಅರಗನ್ನೂ ಬಿಡಿ, ಹಸಿರು ಗುರುತು ಏನೇ ಹೇಳಲಿ. ವೀಗನ್ ಆಗಿದ್ದರೆ ಯೋಚನೆಯೇ ಬೇಡ, ಅರಗು ವೀಗನ್ ಅಲ್ಲ.

ಹಣ್ಣಿನ ವಿಷಯ ಸ್ವಲ್ಪ ಬೇರೆ. ಹೊಳೆಯುವುದೆಲ್ಲ ಅರಗಲ್ಲ. ಸೇಬಿಗೆ ಹುಟ್ಟಿನಿಂದಲೇ ತೆಳು ಮೇಣ ಇರುತ್ತದೆ. ಪ್ಯಾಕಿಂಗ್‌ಗೆ ಮೊದಲು ತೊಳೆಯುವಾಗ ಅದು ಸ್ವಲ್ಪ ಹೋಗುತ್ತದೆ ಅಂತ ಮೇಲಿಂದ ಅರಗೋ, ಕಾರ್ನೋಬಾ ಅನ್ನುವ ತಾಳೆ ಜಾತಿಯ ಮರದ ಎಲೆಯ ಮೇಣವೋ ಹಚ್ಚುತ್ತಾರೆ. ಅರಗು ಹಚ್ಚಿದ ಹಣ್ಣನ್ನು ಕೋಲ್ಡ್ ಸ್ಟೋರೇಜಿನಿಂದ ಹೊರಗೆ ತಂದಾಗ ಬೆವರಿ, ಆರಿದ ಮೇಲೆ ಕೆಲವು ಸಲ ಮೈಮೇಲೆ ಬಿಳಿ ಮಚ್ಚೆ ಏಳುತ್ತದೆ. ಅದು ಒಂದು ಸುಳಿವು ಅಷ್ಟೆ, ಖಾತ್ರಿ ಅಲ್ಲ. ಬರೀ ನೀರಲ್ಲಿ ಎಷ್ಟು ತೊಳೆದರೂ ಅರಗು ಹೋಗುವುದಿಲ್ಲ. ಸಂಶಯ ಇದ್ದರೆ ಸಿಪ್ಪೆ ತೆಗೆದು ತಿನ್ನಿ. ನಮ್ಮ ಕೊಡಗಿನ ಕಿತ್ತಳೆಯನ್ನು ತೋಟದವರ ಕೈಯಿಂದಲೇ ಕೊಂಡರೆ ಈ ತಾಪತ್ರಯವೇ ಇಲ್ಲ. ಅದರ ಸಿಪ್ಪೆ ಸಡಿಲ, ಮಂಕು, ಹಸಿರು ಹಳದಿ. ಅದು ಹೊಳೆಯಬೇಕಾಗಿಯೂ ಇಲ್ಲ.

ನಾವು ಆಮೇಲೆ ಕಾರ್ನೋಬಾ ಮೇಣ ಹಾಕಿ ನೋಡಿದೆವು. ಹೊಳಪು ಪರವಾಗಿಲ್ಲ, ಆದರೆ ನಮ್ಮ ಮಳೆಗೆ ಅರಗಿನಷ್ಟು ತಡೆಯಲಿಲ್ಲ. ಕೊನೆಗೆ ಹೊಳಪನ್ನೇ ಬಿಟ್ಟೆವು. ಕೊನೆಯ ಪದರ ಆರುವ ಮೊದಲೇ ಕೋಕೋ ಪುಡಿ ಉದುರಿಸಿ ತಿರುಗಿಸುತ್ತೇವೆ. ಬೀಜ ಕಂದು ಬಣ್ಣಕ್ಕೆ, ಮಣ್ಣಿನ ಉಂಡೆಯ ಹಾಗೆ ಕಾಣುತ್ತದೆ. ಮೊದಲ ವರ್ಷ ಟೂರಿಸ್ಟ್‌ಗಳು ಪಕ್ಕದ ಅಂಗಡಿಯ ಹೊಳೆಯುವ ಮಾಲನ್ನೇ ತೆಗೆದುಕೊಂಡರು. ಈಗ ಕೇಳಿ ಬರುವವರಿದ್ದಾರೆ.

ನಿಮ್ಮ ಕೈಯಲ್ಲಿರುವ ಪ್ಯಾಕೆಟ್ ತಿರುಗಿಸಿ, ಗ್ಲೇಜಿಂಗ್ ಏಜೆಂಟ್ ಅನ್ನುವ ಪದದ ಮುಂದೆ ಯಾವ ಸಂಖ್ಯೆ ಇದೆ ನೋಡಿ. 904 ಅಂದರೆ ಅರಗು. 901 ಅಂದರೆ ಜೇನುಮೇಣ, ಅದೂ ಹುಳದ್ದೇ. 903 ಕಾರ್ನೋಬಾ, 414 ಗೋಂದು, ಇವೆರಡೂ ಮರದವು. ಡಬ್ಬವಿಲ್ಲದೆ ಬಿಡಿಯಾಗಿ ತೂಗಿ ಕೊಟ್ಟದ್ದಾದರೆ ಅಂಗಡಿಗೆ ಫೋನ್ ಮಾಡಿ. ವೆಜ್ಜಾ ಅಂತ ಕೇಳಬೇಡಿ, "ಹೊಳಪಿಗೆ ಏನು ಹಾಕ್ತೀರಿ, ಕ್ಯಾನಿನ ಮೇಲೆ ಏನಂತ ಬರೆದಿದೆ" ಅಂತ ಕೇಳಿ, ಅವರು ಓದಿ ಹೇಳುವವರೆಗೂ ಫೋನ್ ಇಡಬೇಡಿ.