ಎಕ್ಸಾಸ್ಟ್ ಬ್ರೇಕ್ ದೀಪ ಹತ್ತಿದರೆ ಗಾಡಿ ನಿಲ್ಲಿಸಬೇಕಾ?

ಪ್ರಶ್ನೆ: ಘಾಟಿ ಇಳಿಯುವಾಗ ಲಾರಿ ಡ್ಯಾಶ್‌ಬೋರ್ಡಲ್ಲಿ ಎಕ್ಸಾಸ್ಟ್ ಬ್ರೇಕ್ ದೀಪ ಹತ್ತುತ್ತೆ. ಬ್ರೇಕ್ ಕೆಟ್ಟಿದೆ ಅಂತನಾ?

ಉತ್ತರ: ಅಲ್ಲ. ಎಕ್ಸಾಸ್ಟ್ ಬ್ರೇಕ್ ಕೆಲಸ ಮಾಡ್ತಿದೆ ಅಂತಷ್ಟೇ ಅದರರ್ಥ. ಸ್ವಿಚ್ ಹಾಕಿ ಆಕ್ಸಿಲರೇಟರ್ ಬಿಟ್ಟಾಗ ಹೊಗೆ ಕೊಳವೆಯ ಕವಾಟ ಮುಚ್ಚಿ, ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತೆ. ಶಿರಾಡಿ ಇಳಿಯುವಾಗ ಕಾಲು ತೆಗೆದು ನೋಡಿ, ಸದ್ದು ದಪ್ಪಗಾಗುತ್ತೆ. ಕ್ಲಚ್ ತುಳಿದರೆ ಹಿಡಿತ ಹೋಗುತ್ತೆ. ಗಾಡಿಯ ವೇಗ ತಗ್ಗಿಸೋ ಇನ್ನೊಂದು ಸಾಧನವಾದ ರಿಟಾರ್ಡರ್‌ನ ದೀಪವೂ ಇದೇ ಥರ, ಕೆಲಸದ ಸೂಚನೆ.

ಹೆದರಬೇಕಾದ್ದು ವೃತ್ತದೊಳಗೆ ಆಶ್ಚರ್ಯಚಿಹ್ನೆ ಇರುವ ಕೆಂಪು ದೀಪಕ್ಕೆ. ಹ್ಯಾಂಡ್‌ಬ್ರೇಕ್ ಬಿಟ್ಟ ಮೇಲೂ ಅದು ಉಳಿದು, ಬಜರ್ ಕೂಗಿದರೆ ಬ್ರೇಕಿನ ಗಾಳಿ ಒತ್ತಡ ಇಳಿದಿರಬಹುದು. ಗೇಜ್ ನೋಡಿ, ಗಾಡಿಯನ್ನು ಬದಿಗೆ ಹಾಕಿ. ಆಗ ಎಕ್ಸಾಸ್ಟ್ ಬ್ರೇಕ್ ನಂಬಿ ಇಳಿಯಬೇಡಿ. ಅದು ವೇಗ ತಗ್ಗಿಸುತ್ತೆ, ಗಾಡಿ ನಿಲ್ಲಿಸಲ್ಲ.